ಕೈ ಎತ್ತಿ ಗೆಲ್ಲಿಸಿದ ನಿರ್ಣಯ ರಿಜಿಸ್ಟ್ರಾರ್ ಕಡತಕ್ಕೆ ಸೇರಿತೇ? ರೈತ ಕಂಪನಿಗಳ 30 ದಿನದ ಲೆಕ್ಕ

ವಾರ್ಷಿಕ ಸಭೆ ಮುಗಿದು, ಊಟ ಆಗಿ, ಎಲ್ಲರೂ ಊರಿಗೆ ಹೋದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತೆ. ಸಭೆ ಒಪ್ಪಿದ ವಿಶೇಷ ನಿರ್ಣಯದ ಪ್ರತಿಯನ್ನು 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಅದು ಆಗದೇ ಹೋದರೆ ಮುಂದಿನ ವರ್ಷದ ಚುನಾವಣೆಯಲ್ಲಿ ಯಾರಿಗೆ ಓಟು ಇದೆ, ಯಾರಿಗೆ ಇಲ್ಲ ಅನ್ನೋದೇ ಜಗಳಕ್ಕೆ ಬೀಳಬಹುದು.

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯ ಕಡೆ ಕಡ್ಲೆಕಾಯಿ, ರಾಗಿ, ಹುಣಸೆಹಣ್ಣು ಬೆಳೆಯುವವರ ಬಾಯಲ್ಲಿ ಈಗ ‘ನಮ್ಮ ಕಂಪನಿ’ ಅನ್ನೋ ಮಾತು ಹೊಸದೇನಲ್ಲ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಶುರು ಮಾಡಿತು. ಬಯಲು ಸೀಮೆಯಲ್ಲಿ ಕನಿಷ್ಠ 300 ರೈತರು ಸೇರಿದರೆ ನೆರವು ಸಿಗುತ್ತೆ. ಇಂಥ ಸಂಸ್ಥೆ ಸಹಕಾರ ಸಂಘವಾಗಿಯೂ ಇರಬಹುದು, ಕಂಪನಿಯಾಗಿಯೂ ಇರಬಹುದು. ಕಂಪನಿಯಾಗಿ ನೋಂದಣಿ ಆದರೆ ಅದು ಸಹಕಾರ ಇಲಾಖೆಯ ಕೈಕೆಳಗೆ ಬರೋದಿಲ್ಲ. ಇನ್ಫೋಸಿಸ್‌ಗೆ ಯಾವ ಕಾಯ್ದೆಯೋ ಅದೇ 2013ರ ಕಂಪನಿ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ. ರೈತ ಕಂಪನಿಗಳಿಗೆ ಅಂತಲೇ ಅದರಲ್ಲಿ 21ಎ ಅನ್ನುವ ಬೇರೆ ಅಧ್ಯಾಯ ಇದೆ. ಲೆಕ್ಕ ಕೇಳುವವರು ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಕೂತ ಕಂಪನಿ ರಿಜಿಸ್ಟ್ರಾರ್.

ಬಹಳಷ್ಟು ಯುವಕ ಯುವತಿಯರು ಇಂಥ ಕಂಪನಿಗಳಲ್ಲಿ ಲೆಕ್ಕ ಬರೆಯುವವರಾಗಿ, ಸಿಇಓ ಆಗಿ, ಇಲ್ಲವೇ ಅಪ್ಪನ ಹೆಸರಿನ ಷೇರಿಗೆ ವಾರಸುದಾರರಾಗಿ ಇದ್ದಾರೆ. ಅವರಿಗಾಗಿ ಈ ಬರಹ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಪುರವರದಲ್ಲಿ 420 ಸದಸ್ಯರ ಒಂದು ಕಡ್ಲೆಕಾಯಿ ಬೆಳೆಗಾರರ ಕಂಪನಿ ಇದೆ ಅಂದುಕೊಳ್ಳಿ. ಇದು ಕಲ್ಪಿತ ಕಂಪನಿ, ಲೆಕ್ಕ ಮಾತ್ರ ಕಾಯ್ದೆಯದ್ದು. ಅಧಿಕೃತ ಷೇರು ಬಂಡವಾಳ 10 ಲಕ್ಷ ರೂಪಾಯಿ. ಚುನಾಯಿತ ನಿರ್ದೇಶಕರು ಐದು ಜನ, ಜೊತೆಗೆ ಸಂಬಳದ ಮೇಲೆ ಒಬ್ಬ ಸಿಇಓ.

ರೈತ ಕಂಪನಿಯಲ್ಲಿ ಎಷ್ಟೇ ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಓಟು. ಇದಕ್ಕೆ ಕಾಯ್ದೆ ಒಂದು ದಾರಿಯನ್ನೂ ಬಿಟ್ಟಿದೆ: ಕಂಪನಿಯ ನಿಯಮಾವಳಿಯಲ್ಲಿ ಬರೆದುಕೊಂಡರೆ ಓಟಿನ ಹಕ್ಕನ್ನು ‘ಸಕ್ರಿಯ ಸದಸ್ಯ’ರಿಗೆ ಮಾತ್ರ ಸೀಮಿತ ಮಾಡಬಹುದು. ನಮ್ಮ ಕಂಪನಿಯಲ್ಲಿ ಷೇರು ತಗೊಂಡು ಕಾಯಿಯನ್ನು ಮಾತ್ರ ದಲ್ಲಾಳಿಗೇ ಹಾಕೋರು ಬಹಳ. ಹಾಗಾಗಿ ನಾಲ್ಕು ನಿರ್ದೇಶಕರು ಸೇರಿ ಒಂದು ತಿದ್ದುಪಡಿ ತರುತ್ತಾರೆ: ಹಿಂದಿನ ಎರಡು ವರ್ಷದಲ್ಲಿ ಕನಿಷ್ಠ ಎರಡು ಕ್ವಿಂಟಲ್ ಕಡ್ಲೆಕಾಯಿ ಕಂಪನಿಗೆ ಮಾರಿದವರಿಗೆ ಮಾತ್ರ ಓಟು.

ನಿಯಮಾವಳಿ ತಿದ್ದುಪಡಿಯನ್ನು ಯಾರು ಬೇಕಾದರೂ ಎದ್ದು ನಿಂತು ಮಂಡಿಸೋಕೆ ಆಗಲ್ಲ. ಚುನಾಯಿತ ನಿರ್ದೇಶಕರಲ್ಲಿ ಮೂರನೇ ಎರಡು ಭಾಗ, ಇಲ್ಲವೇ ಸದಸ್ಯರಲ್ಲಿ ಮೂರನೇ ಒಂದು ಭಾಗ ಅದನ್ನು ಪ್ರಸ್ತಾಪಿಸಬೇಕು. ಐದರಲ್ಲಿ ಮೂರನೇ ಎರಡು ಅಂದರೆ ಮೂರಕ್ಕಿಂತ ಜಾಸ್ತಿ, ಆದ್ದರಿಂದ ನಾಲ್ಕು ಜನ ಬೇಕೇ ಬೇಕು. ಸಭೆಗೆ ಕನಿಷ್ಠ 14 ದಿನ ಮೊದಲು ಲಿಖಿತ ನೋಟಿಸ್ ಹೋಗಬೇಕು. ಇದನ್ನು ವಿಶೇಷ ನಿರ್ಣಯವಾಗಿ ತರುತ್ತಿದ್ದೇವೆ ಅನ್ನೋದು ಆ ನೋಟಿಸಿನಲ್ಲೇ ಇರಬೇಕು, ಯಾಕೆ ತರುತ್ತಿದ್ದೇವೆ ಅನ್ನುವ ವಿವರಣೆಯೂ ಜೊತೆಗಿರಬೇಕು. ನಮ್ಮ ಕಂಪನಿ ಸೆಪ್ಟೆಂಬರ್ 5ಕ್ಕೆ ನೋಟಿಸ್ ಕಳಿಸಿ, 2024ರ ಸೆಪ್ಟೆಂಬರ್ 25ಕ್ಕೆ ಸಭೆ ಇಟ್ಟಿತು.

ಕೋರಂಗೆ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ, ಅಂದರೆ 105 ಜನ ಬೇಕು. ಬಂದವರು 150. ಪರವಾಗಿ 112, ವಿರೋಧವಾಗಿ 26, ಓಟು ಹಾಕದೆ ಕೂತವರು 12. ವಿಶೇಷ ನಿರ್ಣಯ ಗೆಲ್ಲಬೇಕಾದರೆ ಪರವಾದ ಓಟು ವಿರೋಧದ ಓಟಿನ ಕನಿಷ್ಠ ಮೂರು ಪಟ್ಟು ಇರಬೇಕು. 26ರ ಮೂರು ಪಟ್ಟು 78. ಪರವಾಗಿ ಬಿದ್ದದ್ದು 112, ಹಾಗಾಗಿ ನಿರ್ಣಯ ಗೆದ್ದಿತು. ಸುಮ್ಮನೆ ಕೂತ 12 ಜನ ಈ ಲೆಕ್ಕಕ್ಕೆ ಬರೋದಿಲ್ಲ.

ಚಪ್ಪಾಳೆ ಬಿತ್ತು. ಗಡಿಯಾರ ಶುರುವಾಗಿದ್ದೂ ಅಲ್ಲಿಂದಲೇ.

30 ದಿನ ಅಂದರೆ ಯಾವತ್ತಿಗೆ?

ಸಭೆ ನಡೆದ ದಿನ ಬಿಟ್ಟು ಎಣಿಸಿದರೆ 30ನೇ ದಿನ ಅಕ್ಟೋಬರ್ 25. ಇದಕ್ಕೆ ಕಾಯ್ದೆಯಲ್ಲಿ ಎರಡು ಕಡೆ ಆಧಾರ ಇದೆ. ಎಲ್ಲ ಕಂಪನಿಗಳಿಗೂ ಅನ್ವಯಿಸುವ 117ನೇ ಸೆಕ್ಷನ್ ವಿಶೇಷ ನಿರ್ಣಯದ ಪ್ರತಿಯನ್ನು, ಅದರ ವಿವರಣೆಯ ಜೊತೆ, 30 ದಿನದಲ್ಲಿ ಸಲ್ಲಿಸಿ ಅನ್ನುತ್ತೆ. ರೈತ ಕಂಪನಿಗಳಿಗೇ ಇರುವ 378ಐ ಸೆಕ್ಷನ್ ಇನ್ನೊಂದು ಶರತ್ತು ಸೇರಿಸುತ್ತೆ: ತಿದ್ದಿದ ನಿಯಮಾವಳಿಯ ಪ್ರತಿ, ವಿಶೇಷ ನಿರ್ಣಯದ ಪ್ರತಿ ಎರಡಕ್ಕೂ ಇಬ್ಬರು ನಿರ್ದೇಶಕರು ದೃಢೀಕರಿಸಿ ಸಹಿ ಹಾಕಿರಬೇಕು. ಬೇರೆ ಕಂಪನಿಗಳ ಕೆಲಸ ಮಾಡಿ ಅಭ್ಯಾಸ ಇರುವ ಕನ್ಸಲ್ಟೆಂಟ್‌ಗಳು ಒಬ್ಬರ ಸಹಿ ಹಾಕಿಸಿ ಮುಗಿಸೋ ಸಾಧ್ಯತೆ ಇರೋದು ಇಲ್ಲೇ.

ಇಲ್ಲಿ ಒಂದು ಗೊಂದಲ ಬರುತ್ತೆ. ರೈತ ಕಂಪನಿ ತನ್ನ ವಾರ್ಷಿಕ ಸಭೆಯ ನಡಾವಳಿ, ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಇವನ್ನು ಸಲ್ಲಿಸೋಕೆ 60 ದಿನ ಇದೆ. ‘ಎಲ್ಲ ಒಟ್ಟಿಗೆ ಹಾಕಿಬಿಡೋಣ’ ಅಂತ ಕೂತರೆ ನಿರ್ಣಯದ 30 ದಿನ ಆಗಲೇ ದಾಟಿರುತ್ತೆ. ಎರಡೂ ಬೇರೆ ಬೇರೆ ಫಾರ್ಮ್, ಬೇರೆ ಬೇರೆ ಗಡುವು.

ಫಾರ್ಮ್ ಸಲ್ಲಿಸೋದು ಹೇಗೆ

ಎಲ್ಲ ಆನ್‌ಲೈನ್. ಕೋರಮಂಗಲಕ್ಕೆ ಬಸ್ಸು ಹತ್ತುವ ಅಗತ್ಯ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ mca.gov.in ಜಾಲತಾಣಕ್ಕೆ ಲಾಗಿನ್ ಆಗಿ, MGT-14 ಅನ್ನುವ ಫಾರ್ಮ್ ತುಂಬಬೇಕು. ಅದರಲ್ಲಿ ನೋಟಿಸ್ ಕಳಿಸಿದ ದಿನ, ನಿರ್ಣಯ ಒಪ್ಪಿದ ದಿನ, ಯಾವ ಸೆಕ್ಷನ್ ಕೆಳಗೆ, ಏನು ವಿಷಯ ಅಂತ ಕೇಳುತ್ತೆ. ಆಮೇಲೆ ದಾಖಲೆಗಳನ್ನು ಲಗತ್ತಿಸಬೇಕು: ನಿರ್ಣಯ ಮತ್ತು ವಿವರಣೆಯ ದೃಢೀಕೃತ ಪ್ರತಿ, ಸಭೆಯ ನೋಟಿಸ್, ತಿದ್ದಿದ ನಿಯಮಾವಳಿ. ನಿರ್ದೇಶಕರೊಬ್ಬರ ಡಿಜಿಟಲ್ ಸಹಿ ಬೇಕು. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರ ದೃಢೀಕರಣವೂ ಬೇಕು.

ಅಪ್‌ಲೋಡ್ ಆದ ಮೇಲೆ ಒಂದು ಎಸ್‌ಆರ್‌ಎನ್ ನಂಬರ್ ಬರುತ್ತೆ. ಇದು ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ. ನಂಬರ್ ಬಂತು ಅಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ, ಶುಲ್ಕ ಕಟ್ಟಿದಾಗಲೇ ಸಲ್ಲಿಕೆ ಪೂರ್ತಿ. ‘ಆಮೇಲೆ ಕಟ್ಟೋಣ’ ಅಂತ ಬಿಟ್ಟರೆ ಅರ್ಜಿ ಪಾವತಿಗೆ ಕಾಯುತ್ತಾ ಕೂತಿರುತ್ತೆ. ಕಡೇ ದಿನ ರಾತ್ರಿ ಅಪ್‌ಲೋಡ್ ಮಾಡಿ, ಬ್ಯಾಂಕ್ ಸರ್ವರ್ ಕೈಕೊಟ್ಟು, ಮರುದಿನ ಹಣ ಹೋದರೆ ಆ ಅರ್ಜಿ ತಡವಾದ ಲೆಕ್ಕಕ್ಕೇ ಸೇರುತ್ತೆ.

ಶುಲ್ಕ ಜಾಸ್ತಿ ಏನಲ್ಲ. ಬಂಡವಾಳ 5 ಲಕ್ಷದಿಂದ 25 ಲಕ್ಷದೊಳಗೆ ಇರುವ ಕಂಪನಿಗೆ 400 ರೂಪಾಯಿ. 1 ಲಕ್ಷದಿಂದ 5 ಲಕ್ಷದೊಳಗೆ ಇದ್ದರೆ 300.

ಈ ಕೆಲಸ ಎಲ್ಲಿ ಸಿಕ್ಕಿ ಬೀಳುತ್ತೆ? ಹೆಚ್ಚಾಗಿ ಸಹಿಯ ಹತ್ತಿರ. ನಿರ್ದೇಶಕರ ಡಿಜಿಟಲ್ ಸಹಿಗೆ ಅವಧಿ ಇದೆ, ಅದು ಮುಗಿದಿರೋದು ಗೊತ್ತಾಗೋದು ಸಹಿ ಹಾಕೋಕೆ ಹೋದಾಗಲೇ. ನಿರ್ದೇಶಕರ ಗುರುತಿನ ಸಂಖ್ಯೆಗೆ ಕೆವೈಸಿ ಮಾಡಿಸದೇ ಅದು ನಿಷ್ಕ್ರಿಯ ಆಗಿರಬಹುದು. ಎರಡನ್ನೂ ಸರಿ ಮಾಡಿಸೋಕೆ ದಿನಗಳು ಬೇಕು. ಹಾಗಾಗಿ ಸಭೆಯ ನೋಟಿಸ್ ಕಳಿಸುವ ವಾರವೇ ಈ ಎರಡನ್ನು ನೋಡಿಕೊಳ್ಳೋದು ಒಳ್ಳೆಯದು, ಸಭೆ ಆದ ಮೇಲಲ್ಲ.

ಇನ್ನೊಂದು ತೊಡಕು ಭಾಷೆಯದ್ದು. ಸಭೆ ನಡೆಯೋದು ಕನ್ನಡದಲ್ಲಿ, ನಡಾವಳಿ ಪುಸ್ತಕ ಬರೆಯೋದು ಕನ್ನಡದಲ್ಲಿ. ಪೋರ್ಟಲ್‌ಗೆ ಹೋಗುವ ಪ್ರತಿಯನ್ನು ಕನ್ಸಲ್ಟೆಂಟ್ ಇಂಗ್ಲಿಷಿನಲ್ಲಿ ಟೈಪ್ ಮಾಡಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಭೆ ಒಪ್ಪಿದ್ದು ‘ಹಿಂದಿನ ಎರಡು ವರ್ಷದಲ್ಲಿ ಎರಡು ಕ್ವಿಂಟಲ್’. ಇಂಗ್ಲಿಷ್ ಪ್ರತಿಯಲ್ಲಿ ಅದು ‘ಪ್ರತಿ ವರ್ಷ ಎರಡು ಕ್ವಿಂಟಲ್’ ಆಗಿಬಿಟ್ಟರೆ? ಸದಸ್ಯರು ಒಪ್ಪಿದ್ದು ಒಂದು, ಸರ್ಕಾರಿ ಕಡತಕ್ಕೆ ಹೋದದ್ದು ಇನ್ನೊಂದು. ಮಳೆ ಕೈಕೊಟ್ಟ ಒಂದು ವರ್ಷ ಕಾಯಿ ಹಾಕದ ಸಣ್ಣ ರೈತ ಆ ಒಂದು ಪದದಿಂದ ಓಟು ಕಳೆದುಕೊಳ್ಳುತ್ತಾನೆ. ದೃಢೀಕರಿಸುವ ಇಬ್ಬರು ನಿರ್ದೇಶಕರು ಎರಡೂ ಪ್ರತಿ ಪಕ್ಕಪಕ್ಕ ಇಟ್ಟುಕೊಂಡು, ಇಂಗ್ಲಿಷ್ ಬಲ್ಲ ಒಬ್ಬರಿಂದ ಸಾಲು ಸಾಲು ಓದಿಸಿಕೊಂಡು ಆಮೇಲೆ ಸಹಿ ಹಾಕಬೇಕು. ಎರಡು ಸಹಿ ಬೇಕು ಅನ್ನುವ ನಿಯಮ ಕೆಲಸಕ್ಕೆ ಬರೋದು ಹೀಗೆ ಓದಿದಾಗ ಮಾತ್ರ.

ತಡವಾದರೆ ಎಷ್ಟು?

ತಡವಾದರೆ ಎರಡು ಥರದ ಹಣ ಬೀಳುತ್ತೆ. ಇವೆರಡನ್ನು ಒಂದೇ ಅಂದುಕೊಂಡು ಮೋಸ ಹೋಗಬಾರದು.

ಮೊದಲನೆಯದು ಹೆಚ್ಚುವರಿ ಶುಲ್ಕ. ಇದನ್ನು ಪೋರ್ಟಲ್ ತಾನೇ ಲೆಕ್ಕ ಹಾಕುತ್ತೆ. ಗಡುವು ಮುಗಿದ ಮೇಲೆ 30 ದಿನದವರೆಗೆ ಮೂಲ ಶುಲ್ಕದ 2 ಪಟ್ಟು, 60 ದಿನದವರೆಗೆ 4 ಪಟ್ಟು, 90 ದಿನದವರೆಗೆ 6 ಪಟ್ಟು, 180 ದಿನದವರೆಗೆ 10 ಪಟ್ಟು, ಅದರಾಚೆ 12 ಪಟ್ಟು. ನಮ್ಮ ಕಂಪನಿ ಮರೆತುಹೋಗಿ 2025ರ ಜನವರಿ 10ಕ್ಕೆ ಸಲ್ಲಿಸಿತು ಅನ್ನಿ. ಅಕ್ಟೋಬರ್ 25ರಿಂದ ಎಣಿಸಿದರೆ 77 ದಿನ ತಡ. 400ರ ಮೇಲೆ ಅದರ 6 ಪಟ್ಟು 2,400, ಒಟ್ಟು 2,800 ರೂಪಾಯಿ. ‘ಇಷ್ಟೇ ತಾನೇ’ ಅಂತ ಕಟ್ಟಿ ನಿಟ್ಟುಸಿರು ಬಿಡೋರೇ ಹೆಚ್ಚು.

ಎರಡನೆಯದು ದಂಡ. ಇದನ್ನು ಪೋರ್ಟಲ್ ಕೇಳೋದಿಲ್ಲ, ಮುಂದೆ ಯಾವಾಗಲೋ ರಿಜಿಸ್ಟ್ರಾರ್ ಕಚೇರಿಯಿಂದ ನೋಟಿಸ್ ಬರುತ್ತೆ. 117ನೇ ಸೆಕ್ಷನ್ ಪ್ರಕಾರ ಕಂಪನಿಗೆ 10,000 ರೂಪಾಯಿ, ಜೊತೆಗೆ ಮೊದಲ ದಿನ ಬಿಟ್ಟು ತಪ್ಪು ಮುಂದುವರಿದ ಪ್ರತಿ ದಿನಕ್ಕೆ 100 ರೂಪಾಯಿ, ಗರಿಷ್ಠ 2 ಲಕ್ಷ. ಹೊಣೆ ಹೊತ್ತ ಪ್ರತಿ ಅಧಿಕಾರಿಗೂ ಬೇರೆಯಾಗಿ ಅಷ್ಟೇ, ಗರಿಷ್ಠ 50,000. ರೈತ ಕಂಪನಿಗಳಿಗೆ 2020ರ ತಿದ್ದುಪಡಿಯಲ್ಲಿ ಒಂದು ರಿಯಾಯಿತಿ ಸಿಕ್ಕಿದೆ: 446ಬಿ ಸೆಕ್ಷನ್ ಪ್ರಕಾರ ದಂಡ ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲ.

77 ದಿನಕ್ಕೆ ಪೂರ್ತಿ ದಂಡ 17,600 ಆಗುತ್ತೆ, ಅದರ ಅರ್ಧ 8,800. ಇದು ಕಂಪನಿಗೆ ಒಂದು ಸಲ, ಸಿಇಓಗೆ ಒಂದು ಸಲ. ತಪ್ಪು ಗೊತ್ತಿದ್ದೂ ಸುಮ್ಮನಿದ್ದ ನಿರ್ದೇಶಕರನ್ನೂ ಹೊಣೆ ಮಾಡಿದರೆ ಅವರಿಗೂ ಒಂದೊಂದು ಸಲ. ವ್ಯಕ್ತಿಗೆ ಹಾಕಿದ ದಂಡವನ್ನು ಅವರು ತಮ್ಮ ಸ್ವಂತ ಜೇಬಿನಿಂದಲೇ ಕಟ್ಟಬೇಕು, ಕಂಪನಿ ಖಾತೆಯಿಂದ ಅಲ್ಲ. ತಿಂಗಳ ಸಂಬಳಕ್ಕೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಇದು ಸಣ್ಣ ಮೊತ್ತವಲ್ಲ. ಆದೇಶ ಒಪ್ಪಿಗೆ ಇಲ್ಲದಿದ್ದರೆ 60 ದಿನದೊಳಗೆ ರೀಜನಲ್ ಡೈರೆಕ್ಟರ್‌ಗೆ ಮೇಲ್ಮನವಿ ಹಾಕಬಹುದು.

ಇಲ್ಲಿ ಇನ್ನೊಂದು ವ್ಯತ್ಯಾಸ ಗಮನಿಸಿ. ವಾರ್ಷಿಕ ರಿಟರ್ನ್ ಮತ್ತು ಲೆಕ್ಕಪತ್ರ ತಡವಾದಾಗ, ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡಿಬಿಟ್ಟರೆ ದಂಡ ಹಾಕೋಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತೆ. ವಿಶೇಷ ನಿರ್ಣಯಕ್ಕೆ ಆ ಮಾಫಿ ಇಲ್ಲ. ತಡವಾಗಿ ಸಲ್ಲಿಸಿದರೂ ನಡುವಿನ ದಿನಗಳಿಗೆ ದಂಡ ಬೀಳಬಹುದು. ಹಾಗಂತ ಸಲ್ಲಿಸದೇ ಕೂತರೆ ದಿನದ ಲೆಕ್ಕ ಏರುತ್ತಲೇ ಹೋಗುತ್ತೆ.

ದಂಡಕ್ಕಿಂತ ದೊಡ್ಡದು

ಸಲ್ಲಿಸದೇ ಹೋದರೆ ನಿರ್ಣಯವೇ ಬಿದ್ದುಹೋಗುತ್ತಾ? 117ನೇ ಸೆಕ್ಷನ್ ಹಾಗೆ ಹೇಳೋದಿಲ್ಲ, ಅದು ದಂಡವನ್ನಷ್ಟೇ ಹೇಳುತ್ತೆ. ಆದರೆ ಸೆಕ್ಷನ್ ಹೇಳದಿರೋದು ಬೇರೆ, ಊರಿನಲ್ಲಿ ಜಗಳ ಹುಟ್ಟದಿರೋದು ಬೇರೆ.

2025ರ ಸಭೆಯಲ್ಲಿ ನಿರ್ದೇಶಕರ ಚುನಾವಣೆ. ಬಾಗಿಲಲ್ಲೇ ಪಟ್ಟಿ ಹಿಡಿದು ನಿಂತವರು 60 ಜನರನ್ನು ‘ನೀವು ಕಾಯಿ ಹಾಕಿಲ್ಲ, ನಿಮಗೆ ಓಟಿಲ್ಲ’ ಅಂತ ತಡೆಯುತ್ತಾರೆ. ಅವರಲ್ಲೊಬ್ಬರು ಫೋನ್ ತೆಗೆದು, ರಿಜಿಸ್ಟ್ರಾರ್ ಕಡತದಲ್ಲಿರುವ ನಿಯಮಾವಳಿ ತೋರಿಸಿ ಕೇಳುತ್ತಾರೆ: ‘ಇದರಲ್ಲಿ ಎಲ್ಲಿದೆ ಸ್ವಾಮಿ ಎರಡು ಕ್ವಿಂಟಲ್?’ ಸಲ್ಲಿಕೆ ಆಗಿಲ್ಲದಿದ್ದರೆ ಅಲ್ಲಿರೋದು ಹಳೇ ನಿಯಮಾವಳಿಯೇ. ಈಗ ಎರಡು ಕಡೆಯವರ ಹತ್ತಿರವೂ ಒಂದೊಂದು ಕಾಗದ. ಗೆದ್ದ ನಿರ್ದೇಶಕರು ನಿಜಕ್ಕೂ ಗೆದ್ದರಾ ಅನ್ನೋದೇ ಪ್ರಶ್ನೆ. ರೈತ ಕಂಪನಿಯ ಆಡಳಿತದ ಬಗ್ಗೆ ಸದಸ್ಯರ ನಡುವೆ ಇಂಥ ವ್ಯಾಜ್ಯ ಬಂದರೆ ಅದು ಸಂಧಾನಕ್ಕೆ ಇಲ್ಲವೇ ಪಂಚಾಯ್ತಿಕೆಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗಬೇಕು. ಅಲ್ಲಿಯವರೆಗೆ ಚೆಕ್ಕಿಗೆ ಸಹಿ ಹಾಕೋದು ಯಾರು, ಕಡ್ಲೆಕಾಯಿ ಖರೀದಿಗೆ ದರ ನಿಗದಿ ಮಾಡೋದು ಯಾರು?

ಇದು ತಿರುಗಿಯೂ ಆಗಬಹುದು. ನಿಜವಾಗಿ 78 ಓಟು ಬೀಳದ ನಿರ್ಣಯವನ್ನು ‘ಆಗಲೇ ಒಪ್ಪಿದ್ದೀರಿ’ ಅಂತ ವರ್ಷ ಬಿಟ್ಟು ಹೇಳೋರೂ ಇರಬಹುದು. ಆಗ ತಾರೀಖು ಸಮೇತ ಇರುವ ಸರ್ಕಾರಿ ಕಡತವೇ ಸಾಮಾನ್ಯ ಸದಸ್ಯನಿಗೆ ಆಸರೆ. ಕಂಪನಿಯ ದಾಖಲೆಗಳು ಸಾರ್ವಜನಿಕ. ಪೋರ್ಟಲ್‌ನಲ್ಲಿ ಕಂಪನಿ ಹೆಸರು ಹುಡುಕಿ, ನಿಗದಿತ ಶುಲ್ಕ ಕಟ್ಟಿ, ಸಲ್ಲಿಸಿದ MGT-14 ಮತ್ತು ಅದರ ಲಗತ್ತುಗಳನ್ನು ಯಾರು ಬೇಕಾದರೂ ನೋಡಬಹುದು. ಅದಕ್ಕೆ ಸದಸ್ಯರೇ ಆಗಿರಬೇಕು ಅಂತಿಲ್ಲ, ಕಾರಣ ಹೇಳಬೇಕು ಅಂತಲೂ ಇಲ್ಲ.

ಪುರಾವೆ ಅಂದರೆ ಯಾವುದು?

‘ಸಿಎ ಸಾರ್ ಹಾಕಿದ್ದೀನಿ ಅಂದಿದಾರೆ’ ಅನ್ನೋದು ಪುರಾವೆ ಆಗಲ್ಲ. ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ಕೂಡ ಅರ್ಧ ಪುರಾವೆ ಅಷ್ಟೇ. ಕಂಪನಿಯ ಸ್ವಂತ ಕಡತದಲ್ಲಿ ನಾಲ್ಕು ವಸ್ತು ಇರಬೇಕು.

ಒಂದು, ಸಹಿ ಆದ MGT-14 ಫಾರ್ಮ್‌ನ ಪ್ರತಿ. ಎರಡು, ಅದರ ಜೊತೆ ಅಪ್‌ಲೋಡ್ ಆದ ಲಗತ್ತುಗಳು. ಇವು ‘ಅಂಥವೇ’ ಬೇರೆ ಪ್ರತಿ ಆಗಿರಬಾರದು, ಅಪ್‌ಲೋಡ್ ಆದ ಅದೇ ಫೈಲುಗಳೇ ಆಗಿರಬೇಕು. ಮೂರು, ಎಸ್‌ಆರ್‌ಎನ್ ನಂಬರ್ ಮತ್ತು ಪಾವತಿ ದಿನಾಂಕ ಇರುವ ಚಲನ್. 30 ದಿನದೊಳಗೆ ಸಲ್ಲಿಸಿದ್ದೀರಿ ಅಂತ ತೋರಿಸೋದು ಇದೇ. ನಾಲ್ಕು, ಫಾರ್ಮ್ ಕಡತಕ್ಕೆ ಸೇರಿತು ಇಲ್ಲವೇ ಒಪ್ಪಿಗೆ ಆಯಿತು ಅನ್ನುವ ಇಮೇಲ್.

ನಾಲ್ಕನೆಯದನ್ನೇ ಹೆಚ್ಚಿನವರು ಮರೆಯೋದು. ಕೆಲವು ವಿಷಯಗಳ MGT-14 ತಾನಾಗೇ ದಾಖಲಾಗುತ್ತೆ, ಕೆಲವನ್ನು ಅಧಿಕಾರಿ ನೋಡಿ ಒಪ್ಪಬೇಕು. ಅಧಿಕಾರಿಗೆ ಕೊರತೆ ಕಂಡರೆ, ಉದಾಹರಣೆಗೆ ಎರಡನೇ ನಿರ್ದೇಶಕರ ಸಹಿ ಇಲ್ಲ, ಸ್ಕ್ಯಾನ್ ಓದೋಕೆ ಆಗುತ್ತಿಲ್ಲ ಅಂತಾದರೆ, ಮತ್ತೆ ಸಲ್ಲಿಸಿ ಅಂತ ವಾಪಸ್ ಕಳಿಸುತ್ತಾರೆ. ಸರಿಪಡಿಸೋಕೆ 15 ದಿನ ಸಿಗುತ್ತೆ. ಆ ಸೂಚನೆ ಹೋಗೋದು ಇಮೇಲ್‌ಗೆ. ಅದು ಕೆಲಸ ಬಿಟ್ಟುಹೋದ ಹಳೇ ಸಿಇಓ ಇಮೇಲ್ ಆಗಿದ್ದರೆ? 15 ದಿನ ಹಾಗೇ ಜಾರಿಹೋಗುತ್ತೆ. ಕಂಪನಿ ಕೈಯಲ್ಲಿ ಚಲನ್ ಇರುತ್ತೆ, ದುಡ್ಡೂ ಹೋಗಿರುತ್ತೆ, ನಿರ್ಣಯ ಮಾತ್ರ ಕಡತದಲ್ಲಿ ಇರೋದಿಲ್ಲ.

ಇದನ್ನು ತಿಳಿಯೋದು ಸುಲಭ. ಎಸ್‌ಆರ್‌ಎನ್ ನಂಬರ್ ಹಾಕಿ ಪೋರ್ಟಲ್‌ನಲ್ಲಿ ಸ್ಥಿತಿ ನೋಡಬಹುದು. ಪಾವತಿಗೆ ಕಾಯುತ್ತಿದೆಯಾ, ಪರಿಶೀಲನೆಯಲ್ಲಿದೆಯಾ, ವಾಪಸ್ ಬಂದಿದೆಯಾ, ಒಪ್ಪಿಗೆ ಆಗಿದೆಯಾ ಅಂತ ಅದು ಹೇಳುತ್ತೆ. ಸಲ್ಲಿಸಿದ ಮೇಲೆ ವಾರಕ್ಕೊಮ್ಮೆ ನೋಡಿ, ಒಪ್ಪಿಗೆ ಬಂದ ದಿನ ಆ ಪುಟವನ್ನೂ ಉಳಿಸಿಕೊಳ್ಳಿ. ಪೋರ್ಟಲ್‌ನ ಲಾಗಿನ್ ಮತ್ತು ನೋಂದಾಯಿತ ಇಮೇಲ್ ಕಂಪನಿಯದ್ದೇ ಆಗಿರಲಿ. ಕನ್ಸಲ್ಟೆಂಟ್ ಜೊತೆ ಬಾಕಿ ಫೀಸಿನ ಜಗಳ ಆದ ದಿನ ಇದರ ಬೆಲೆ ಗೊತ್ತಾಗುತ್ತೆ.

ಕಾಗದದ ಕಡೆ ಎರಡು ಕೆಲಸ ಉಳಿಯುತ್ತೆ. ಸಭೆಯ ನಡಾವಳಿಯನ್ನೂ 30 ದಿನದೊಳಗೆ ಪುಸ್ತಕಕ್ಕೆ ಸೇರಿಸಬೇಕು. ಆ ನಿರ್ಣಯದ ಪಕ್ಕದ ಅಂಚಿನಲ್ಲಿ ಎಸ್‌ಆರ್‌ಎನ್ ನಂಬರ್, ದಿನಾಂಕ ಬರೆದಿಟ್ಟರೆ ಹತ್ತು ವರ್ಷ ಆದ ಮೇಲೂ ಹುಡುಕಬಹುದು. ಮತ್ತೆ, ತಿದ್ದುಪಡಿ ಆದ ಮೇಲೆ ನಿಯಮಾವಳಿಯ ಪ್ರತಿ ಯಾರಿಗೇ ಕೊಟ್ಟರೂ ಆ ನಿರ್ಣಯ ಅದರೊಳಗೆ ಸೇರಿರಬೇಕು ಇಲ್ಲವೇ ಲಗತ್ತಾಗಿರಬೇಕು ಅಂತ ಕಾಯ್ದೆಯೇ ಹೇಳುತ್ತೆ. ಕಚೇರಿಯ ಕಪಾಟಿನಲ್ಲಿರುವ ಹಳೇ ಝೆರಾಕ್ಸ್ ಕಟ್ಟನ್ನು ಅವತ್ತೇ ತೆಗೆದುಬಿಡಿ. ಹೊಸ ಸದಸ್ಯನ ಕೈಗೆ ಹಳೇ ನಿಯಮ ಹೋದರೆ ಮುಂದಿನ ಜಗಳದ ಬೀಜ ಅದೇ.

ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರಾಗಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಹೋದ ಸಲ ಒಪ್ಪಿದ ನಿರ್ಣಯದ ಎಸ್‌ಆರ್‌ಎನ್ ನಂಬರ್ ಹೇಳಿ, ಚಲನ್ ತಾರೀಖು ಹೇಳಿ.’ ವೇದಿಕೆ ಮೇಲಿನವರು ಕಡತ ತೆರೆದು ಓದಿದರೆ ಸರಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆ 112 ಕೈಗಳು ಎತ್ತಿದ್ದು ಇನ್ನೂ ಪುರವರ ದಾಟಿ ಹೋಗಿಲ್ಲ ಅಂತ ಅರ್ಥ.